ತೇಲುವುದು, ಮುಳುಗುವುದು, ಪ್ಲವನ ಬಲ: ಒಂಬತ್ತನೇ ತರಗತಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ದ್ರವಗಳ ಪಾಠದ ಲೆಕ್ಕಗಳಲ್ಲಿ ಸೂತ್ರ ಗೊತ್ತಿಲ್ಲದೆ ತಪ್ಪುವವರು ಕಡಿಮೆ. ಸೂತ್ರಕ್ಕೆ ಯಾವ ಗಾತ್ರವನ್ನು ಹಾಕಬೇಕು, ಯಾವ ಸಾಂದ್ರತೆಯನ್ನು ಹಾಕಬೇಕು ಎಂಬಲ್ಲಿ ಎಡವುವವರೇ ಹೆಚ್ಚು. ಪ್ಲವನ ಬಲವನ್ನು ನಿರ್ಧರಿಸುವುದು ವಸ್ತುವಿನ ತೂಕವಲ್ಲ, ಆ ವಸ್ತು ಜಾಗ ಬಿಡಿಸಿದ ದ್ರವದ ತೂಕ. ಇದೊಂದನ್ನು ಗಟ್ಟಿ ಹಿಡಿದುಕೊಂಡರೆ ಈ ಪುಟದ ಎಲ್ಲ ಪ್ರಶ್ನೆಗಳೂ ಬಿಡಿಸಿಕೊಳ್ಳುತ್ತವೆ. ಲೆಕ್ಕ ಸರಳವಾಗಿರಲೆಂದು ಗುರುತ್ವ ವೇಗೋತ್ಕರ್ಷವನ್ನು ಸೆಕೆಂಡಿನ ವರ್ಗಕ್ಕೆ 10 ಮೀಟರ್ ಎಂದೂ, ನೀರಿನ ಸಾಂದ್ರತೆಯನ್ನು ಒಂದು ಘನ ಸೆಂಟಿಮೀಟರಿಗೆ 1 ಗ್ರಾಂ ಎಂದೂ ಇಟ್ಟುಕೊಂಡಿದ್ದೇನೆ. ಪ್ರಶ್ನೆಪತ್ರಿಕೆಯಲ್ಲಿ 9.8 ಎಂದು ಕೊಟ್ಟಿದ್ದರೆ ಅದನ್ನೇ ಬಳಸಿ.

ಭಾರವಾದದ್ದು ಮುಳುಗುತ್ತದೆ, ಹಗುರವಾದದ್ದು ತೇಲುತ್ತದೆ ಎಂದು ಬರೆದರೆ ಸಾಲದೇ?

ಸಾಲದು, ಅದು ತಪ್ಪು ಕೂಡ. ಒಂದು ಸಣ್ಣ ಮೊಳೆ ಕೆಲವೇ ಗ್ರಾಂ ತೂಗುತ್ತದೆ, ಆದರೂ ಮುಳುಗುತ್ತದೆ. ನೂರಾರು ಕಿಲೋಗ್ರಾಂ ತೂಗುವ ಮರದ ದಿಮ್ಮಿ ತೇಲುತ್ತದೆ. ಇಲ್ಲಿ ಹೋಲಿಸಬೇಕಾದದ್ದು ಮೊಳೆಯನ್ನೂ ದಿಮ್ಮಿಯನ್ನೂ ಅಲ್ಲ. ಮೊಳೆಯನ್ನು ಅದರಷ್ಟೇ ಗಾತ್ರದ ನೀರಿನೊಂದಿಗೆ, ದಿಮ್ಮಿಯನ್ನು ಅದರಷ್ಟೇ ಗಾತ್ರದ ನೀರಿನೊಂದಿಗೆ ಹೋಲಿಸಬೇಕು. ಮೊಳೆ ತನ್ನ ಗಾತ್ರದ ನೀರಿಗಿಂತ ಸುಮಾರು 7.8 ಪಟ್ಟು ಭಾರ. ದಿಮ್ಮಿ ತನ್ನ ಗಾತ್ರದ ನೀರಿಗಿಂತ ಹಗುರ.

ಈ ಹೋಲಿಕೆಯನ್ನು ಒಂದೇ ಸಂಖ್ಯೆಯಲ್ಲಿ ಹೇಳುವುದೇ ಸಾಪೇಕ್ಷ ಸಾಂದ್ರತೆ. ವಸ್ತುವಿನ ಸಾಂದ್ರತೆಯನ್ನು ನೀರಿನ ಸಾಂದ್ರತೆಯಿಂದ ಭಾಗಿಸಿದರೆ ಅದು ಸಿಗುತ್ತದೆ. ಒಂದೇ ಬಗೆಯ ಎರಡು ಪರಿಮಾಣಗಳ ಅನುಪಾತವಾದ್ದರಿಂದ ಅದಕ್ಕೆ ಏಕಮಾನವಿಲ್ಲ. ಅದರ ಮುಂದೆ ಏಕಮಾನ ಬರೆದು ಅಂಕ ಕಳೆದುಕೊಳ್ಳಬೇಡಿ.

ಪ್ಲವನ ಬಲ ಬರುವುದಾದರೂ ಎಲ್ಲಿಂದ? ನೀರು ಯಾಕೆ ಮೇಲಕ್ಕೇ ತಳ್ಳಬೇಕು?

ನೀರು ಎಲ್ಲ ಕಡೆಯಿಂದಲೂ ತಳ್ಳುತ್ತದೆ. ಆದರೆ ಆಳ ಹೆಚ್ಚಿದಂತೆ ಒತ್ತಡ ಹೆಚ್ಚುವುದರಿಂದ ವಸ್ತುವಿನ ಕೆಳಮುಖವನ್ನು ಹೆಚ್ಚು ಬಲದಿಂದಲೂ ಮೇಲ್ಮುಖವನ್ನು ಕಡಿಮೆ ಬಲದಿಂದಲೂ ತಳ್ಳುತ್ತದೆ. ಈ ಎರಡರ ವ್ಯತ್ಯಾಸವೇ ಪ್ಲವನ ಬಲ.

ಒಮ್ಮೆ ಲೆಕ್ಕ ಹಾಕಿ ನೋಡೋಣ. ಪ್ರತಿ ಬದಿ 10 ಸೆಂಟಿಮೀಟರ್ ಇರುವ ಒಂದು ಘನವನ್ನು ನೀರಿನೊಳಗೆ ನೇರವಾಗಿ ಹಿಡಿದಿದ್ದೇವೆ. ಅದರ ಮೇಲ್ಮುಖ ನೀರಿನ ಮಟ್ಟದಿಂದ 20 ಸೆಂಟಿಮೀಟರ್ ಆಳದಲ್ಲಿದೆ. ಹಾಗಾದರೆ ಕೆಳಮುಖ 30 ಸೆಂಟಿಮೀಟರ್ ಆಳದಲ್ಲಿರುತ್ತದೆ. ದ್ರವದ ಒತ್ತಡವನ್ನು ಆಳ, ಸಾಂದ್ರತೆ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದಿಂದ, ಅಂದರೆ P = hρg ಸೂತ್ರದಿಂದ ಪಡೆಯುತ್ತೇವೆ.

ಮೇಲ್ಮುಖದ ಮೇಲಿನ ಒತ್ತಡ 0.2 × 1000 × 10 = 2000 ಪಾಸ್ಕಲ್. ಕೆಳಮುಖದ ಮೇಲಿನ ಒತ್ತಡ 0.3 × 1000 × 10 = 3000 ಪಾಸ್ಕಲ್. ಪ್ರತಿ ಮುಖದ ವಿಸ್ತೀರ್ಣ 0.01 ಚದರ ಮೀಟರ್. ಆದ್ದರಿಂದ ನೀರು ಘನವನ್ನು ಮೇಲಿನಿಂದ 20 ನ್ಯೂಟನ್ ಬಲದಿಂದ ಕೆಳಗೆ ಒತ್ತುತ್ತದೆ, ಕೆಳಗಿನಿಂದ 30 ನ್ಯೂಟನ್ ಬಲದಿಂದ ಮೇಲೆ ಒತ್ತುತ್ತದೆ. ಪಕ್ಕದ ನಾಲ್ಕು ಮುಖಗಳ ಬಲಗಳು ಎದುರುಬದುರಾಗಿ ಸಮನಾಗಿದ್ದು ಒಂದನ್ನೊಂದು ರದ್ದುಗೊಳಿಸುತ್ತವೆ. ಉಳಿದದ್ದು ಮೇಲ್ಮುಖವಾಗಿ 10 ನ್ಯೂಟನ್. (ನೀರಿನ ಮೇಲಿರುವ ವಾಯುವಿನ ಒತ್ತಡ ಎರಡೂ ಮುಖಗಳ ಮೇಲೆ ಸಮನಾಗಿ ಸೇರುವುದರಿಂದ ವ್ಯತ್ಯಾಸ ಬದಲಾಗುವುದಿಲ್ಲ. ಹಾಗಾಗಿ ಅದನ್ನು ಬಿಟ್ಟಿದ್ದೇನೆ.)

ಈಗ ಘನದ ಗಾತ್ರ ನೋಡಿ: 1000 ಘನ ಸೆಂಟಿಮೀಟರ್, ಅಂದರೆ ಒಂದು ಲೀಟರ್. ಒಂದು ಲೀಟರ್ ನೀರಿನ ರಾಶಿ 1 ಕಿಲೋಗ್ರಾಂ, ತೂಕ 10 ನ್ಯೂಟನ್. ಒತ್ತಡದಿಂದ ಬಂದ ಉತ್ತರವೂ ಸ್ಥಾನಪಲ್ಲಟಗೊಂಡ ನೀರಿನ ತೂಕವೂ ಒಂದೇ. ಆರ್ಕಿಮಿಡೀಸನ ತತ್ವ ಹೇಳುವುದೂ ಇದನ್ನೇ. ಅದನ್ನು ಬಾಯಿಪಾಠದ ವಾಕ್ಯವಾಗಿ ಇಟ್ಟುಕೊಳ್ಳುವುದಕ್ಕಿಂತ ಹೀಗೆ ಒಮ್ಮೆ ಕೈಯಾರೆ ಲೆಕ್ಕ ಹಾಕುವುದು ಮೇಲು. ಈ ಲೆಕ್ಕದಲ್ಲಿ ಘನ ಯಾವುದರಿಂದ ಮಾಡಿದ್ದು ಎಂದು ನಾವು ಕೇಳಲೇ ಇಲ್ಲ ಎಂಬುದನ್ನೂ ಗಮನಿಸಿ. ಕೇಳುವ ಅಗತ್ಯವೇ ಬರಲಿಲ್ಲ.

ವಸ್ತುವನ್ನು ಇನ್ನೂ ಆಳಕ್ಕೆ ಇಳಿಸಿದರೆ ಪ್ಲವನ ಬಲ ಹೆಚ್ಚುತ್ತದೆಯೇ?

ಪೂರ್ತಿ ಮುಳುಗಿದ ಮೇಲೆ ಹೆಚ್ಚುವುದಿಲ್ಲ. ಅದೇ ಘನದ ಮೇಲ್ಮುಖವನ್ನು 2 ಮೀಟರ್ ಆಳಕ್ಕೆ ಇಳಿಸಿ. ಆಗ ಮೇಲಿನಿಂದ ಬೀಳುವ ಬಲ 200 ನ್ಯೂಟನ್, ಕೆಳಗಿನಿಂದ ಬರುವ ಬಲ 210 ನ್ಯೂಟನ್. ಎರಡೂ ಬಹಳ ಹೆಚ್ಚಿದವು, ವ್ಯತ್ಯಾಸ ಮಾತ್ರ ಅದೇ 10. ಒತ್ತಡ ಆಳವನ್ನು ಅವಲಂಬಿಸುತ್ತದೆ, ಪ್ಲವನ ಬಲವಾದರೋ ಒತ್ತಡಗಳ ವ್ಯತ್ಯಾಸವನ್ನು ಅವಲಂಬಿಸುತ್ತದೆ. ವಸ್ತು ನೀರಿನ ಒತ್ತಡಕ್ಕೆ ಕುಗ್ಗುವಂಥದ್ದಾದರೆ, ಉದಾಹರಣೆಗೆ ಗಾಳಿ ತುಂಬಿದ ಬಲೂನಾದರೆ, ಆಳಕ್ಕೆ ಹೋದಂತೆ ಅದರ ಗಾತ್ರ ಇಳಿಯುತ್ತದೆ, ಜೊತೆಗೆ ಪ್ಲವನ ಬಲವೂ ಇಳಿಯುತ್ತದೆ.

ಇನ್ನೂ ಪೂರ್ತಿ ಮುಳುಗದೆ ಒಳಗೆ ಇಳಿಯುತ್ತಿರುವ ವಸ್ತುವಿನ ಕಥೆ ಬೇರೆ. ಇಳಿದಷ್ಟೂ ಮುಳುಗಿದ ಗಾತ್ರ ಹೆಚ್ಚುತ್ತದೆ, ಆದ್ದರಿಂದ ಪ್ಲವನ ಬಲವೂ ಹೆಚ್ಚುತ್ತದೆ.

ಒಂದೇ ಗಾತ್ರದ ಕಬ್ಬಿಣದ ತುಂಡು ಮತ್ತು ಅಲ್ಯೂಮಿನಿಯಂ ತುಂಡು ಎರಡನ್ನೂ ನೀರಿನಲ್ಲಿ ಮುಳುಗಿಸಿದರೆ ಯಾವುದರ ಮೇಲೆ ಪ್ಲವನ ಬಲ ಹೆಚ್ಚು?

ಎರಡರ ಮೇಲೂ ಸಮ. ಗಾತ್ರ ಒಂದೇ, ದ್ರವ ಒಂದೇ, ಎರಡೂ ಪೂರ್ತಿ ಮುಳುಗಿವೆ. ಪ್ರಶ್ನೆಯಲ್ಲಿ "ಒಂದೇ ಗಾತ್ರ" ಎಂಬಲ್ಲಿ "ಒಂದೇ ರಾಶಿ" ಎಂದಿದ್ದರೆ ಉತ್ತರ ಬದಲಾಗುತ್ತದೆ. 270 ಗ್ರಾಂ ಅಲ್ಯೂಮಿನಿಯಂ 100 ಘನ ಸೆಂಟಿಮೀಟರ್ ಜಾಗ ತೆಗೆದುಕೊಳ್ಳುತ್ತದೆ. 270 ಗ್ರಾಂ ಕಬ್ಬಿಣಕ್ಕೆ ಸುಮಾರು 35 ಘನ ಸೆಂಟಿಮೀಟರ್ ಸಾಕು. ಆಗ ಅಲ್ಯೂಮಿನಿಯಂ ಮೇಲಿನ ಪ್ಲವನ ಬಲವೇ ಹೆಚ್ಚು. ಈ ಒಂದು ಪದವನ್ನು ಅವಸರದಲ್ಲಿ ಓದಿ ಉತ್ತರ ತಿರುವು ಮುರುವಾಗುವುದನ್ನು ಉತ್ತರಪತ್ರಿಕೆಗಳಲ್ಲಿ ಎಷ್ಟೋ ಸಲ ಕಂಡಿದ್ದೇನೆ.

ಸ್ಪ್ರಿಂಗ್ ತಕ್ಕಡಿಯ ಪ್ರಯೋಗವನ್ನು ಸಂಖ್ಯೆಗಳ ಸಮೇತ ತೋರಿಸುವಿರಾ?

ರಾಶಿ 780 ಗ್ರಾಂ, ಗಾತ್ರ 100 ಘನ ಸೆಂಟಿಮೀಟರ್ ಇರುವ ಕಬ್ಬಿಣದ ತುಂಡೊಂದನ್ನು ದಾರದಿಂದ ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ. ಗಾಳಿಯಲ್ಲಿ ಮುಳ್ಳು 7.8 ನ್ಯೂಟನ್ ತೋರಿಸುತ್ತದೆ. ಈಗ ನೀರಿರುವ ಬೀಕರಿನೊಳಗೆ ನಿಧಾನವಾಗಿ ಇಳಿಸಿ.

ತುಂಡಿನ ಅರ್ಧ ಮುಳುಗಿದಾಗ 50 ಘನ ಸೆಂಟಿಮೀಟರ್ ನೀರು ಜಾಗ ಬಿಟ್ಟಿರುತ್ತದೆ. ಅದರ ತೂಕ 0.5 ನ್ಯೂಟನ್. ಮುಳ್ಳು 7.3ಕ್ಕೆ ಇಳಿಯುತ್ತದೆ. ಪೂರ್ತಿ ಮುಳುಗಿದಾಗ 6.8 ತೋರಿಸುತ್ತದೆ. ಅಲ್ಲಿಂದ ಮುಂದೆ ಇನ್ನೂ ಕೆಳಗೆ ಇಳಿಸಿದರೂ ಮುಳ್ಳು 6.8 ಬಿಟ್ಟು ಕದಲುವುದಿಲ್ಲ. ಹಿಂದಿನ ಪ್ರಶ್ನೆಯಲ್ಲಿ ಲೆಕ್ಕದಿಂದ ಕಂಡದ್ದನ್ನು ಇಲ್ಲಿ ಕಣ್ಣಾರೆ ಕಾಣಬಹುದು. ತುಂಡು ತಳ ಮುಟ್ಟಿದ ಕ್ಷಣ ಮುಳ್ಳು ಮತ್ತೆ ಇಳಿಯತೊಡಗುತ್ತದೆ. ಅದು ಪ್ಲವನ ಬಲವಲ್ಲ, ಬೀಕರಿನ ತಳ ತುಂಡನ್ನು ಹೊರುತ್ತಿದೆ. ಆ ಅಳತೆಯನ್ನು ಬರೆದುಕೊಳ್ಳಬಾರದು.

ನೀರಿನ ಬದಲು ಸೀಮೆಎಣ್ಣೆ ಹಾಕಿದರೆ? ಅದರ ಸಾಂದ್ರತೆ ಸುಮಾರು 0.8. ಸ್ಥಾನಪಲ್ಲಟಗೊಂಡ ಎಣ್ಣೆಯ ರಾಶಿ 80 ಗ್ರಾಂ, ತೂಕ 0.8 ನ್ಯೂಟನ್. ಮುಳ್ಳು 7.0ಕ್ಕೆ ನಿಲ್ಲುತ್ತದೆ. ಸಾಂದ್ರತೆ 1.2 ಇರುವ ಗಟ್ಟಿ ಉಪ್ಪುನೀರಾದರೆ 6.6ಕ್ಕೆ ನಿಲ್ಲುತ್ತದೆ. ಅದೇ ಕಬ್ಬಿಣ, ಅದೇ ಗಾತ್ರ. ಬದಲಾದದ್ದು ದ್ರವ ಮಾತ್ರ.

"ನೀರಿನಲ್ಲಿ ತೂಕ ಕಡಿಮೆಯಾಗುತ್ತದೆ" ಎನ್ನುತ್ತಾರೆ. ಕಡಿಮೆಯಾದ ಆ 1 ನ್ಯೂಟನ್ ಎಲ್ಲಿಗೆ ಹೋಯಿತು?

ಇದು ನನಗೆ ಈ ಪಾಠದಲ್ಲೇ ಅತ್ಯಂತ ಇಷ್ಟವಾದ ಪ್ರಶ್ನೆ. ಭೂಮಿ ಕಬ್ಬಿಣವನ್ನು ಎಳೆಯುವ ಬಲ ನೀರಿನಲ್ಲೂ 7.8 ನ್ಯೂಟನ್ನೇ. ಕಡಿಮೆಯಾದದ್ದು ದಾರ ಹೊರಬೇಕಾದ ಪಾಲು. ಉಳಿದ 1 ನ್ಯೂಟನ್ನನ್ನು ನೀರು ಹೊರುತ್ತಿದೆ.

ನೀರು ಹೊರುತ್ತಿದೆ ಎಂದರೆ ಆ ಭಾರ ನೀರಿನ ಮೂಲಕ ಬೀಕರಿನ ತಳಕ್ಕೆ ಹೋಗಲೇಬೇಕು. ಪರೀಕ್ಷಿಸಿ ನೋಡಬಹುದು. ಬೀಕರನ್ನು ಡಿಜಿಟಲ್ ತಕ್ಕಡಿಯ ಮೇಲಿಡಿ. ಬೀಕರ್ ಮತ್ತು ನೀರು ಸೇರಿ 900 ಗ್ರಾಂ ಎಂದಿಟ್ಟುಕೊಳ್ಳಿ. ಕಬ್ಬಿಣದ ತುಂಡನ್ನು ದಾರದಿಂದ ತೂಗುಬಿಟ್ಟು, ತಳಕ್ಕೂ ಗೋಡೆಗೂ ತಾಗದಂತೆ ಪೂರ್ತಿ ಮುಳುಗಿಸಿ. ಕೆಳಗಿನ ತಕ್ಕಡಿ 1000 ಗ್ರಾಂ ತೋರಿಸುತ್ತದೆ. ತುಂಡು ತಳವನ್ನು ಮುಟ್ಟಿಯೇ ಇಲ್ಲ, ಆದರೂ 100 ಗ್ರಾಂ ಏರಿತು! ನೀರು ತುಂಡನ್ನು 1 ನ್ಯೂಟನ್ ಬಲದಿಂದ ಮೇಲೆ ತಳ್ಳಿದರೆ, ನ್ಯೂಟನ್‌ನ ಮೂರನೇ ನಿಯಮದಂತೆ ತುಂಡು ನೀರನ್ನು ಅಷ್ಟೇ ಬಲದಿಂದ ಕೆಳಗೆ ತಳ್ಳುತ್ತದೆ. ತಕ್ಕಡಿ ಅದನ್ನೇ ತೋರಿಸುತ್ತಿದೆ. ಏರಿಕೆಯಲ್ಲಿ ಕಬ್ಬಿಣದ 780 ಗ್ರಾಂ ಕಾಣುವುದಿಲ್ಲ, ಸ್ಥಾನಪಲ್ಲಟಗೊಂಡ ನೀರಿನ 100 ಗ್ರಾಂ ಮಾತ್ರ ಕಾಣುತ್ತದೆ.

ಈಗ ದಾರವನ್ನು ಸಡಿಲಬಿಟ್ಟು ತುಂಡನ್ನು ತಳದಲ್ಲಿ ಕೂರಿಸಿ. ಮೇಲಿನ ಮುಳ್ಳು ಸೊನ್ನೆಗೆ ಬರುತ್ತದೆ, ಕೆಳಗಿನ ತಕ್ಕಡಿ 1680 ಗ್ರಾಂ ತೋರಿಸುತ್ತದೆ. 900 ಮತ್ತು 780 ಕೂಡಿದರೆ ಇದೇ ಸಂಖ್ಯೆ. ತೂಗುಬಿಟ್ಟಾಗಲೂ ಮೇಲಿನ 6.8 ನ್ಯೂಟನ್, ಅಂದರೆ 680 ಗ್ರಾಂನಷ್ಟು, ಮತ್ತು ಕೆಳಗಿನ 1000 ಗ್ರಾಂ ಸೇರಿ 1680 ಆಗಿತ್ತು. ಒಟ್ಟು ಭಾರ ಎಲ್ಲೂ ಮಾಯವಾಗಿಲ್ಲ, ಇಬ್ಬರು ಹೊರುವಾಗ ಪಾಲು ಬದಲಾಯಿತು ಅಷ್ಟೆ.

ಆಕಾರ ನೆಟ್ಟಗಿಲ್ಲದ ಕಲ್ಲಿನ ಸಾಂದ್ರತೆಯನ್ನು ಸ್ಪ್ರಿಂಗ್ ತಕ್ಕಡಿಯಿಂದಲೇ ಕಂಡುಹಿಡಿಯಬಹುದೇ?

ಧಾರಾಳವಾಗಿ. ಗಾಳಿಯಲ್ಲಿ 1.35 ನ್ಯೂಟನ್, ನೀರಿನಲ್ಲಿ 0.85 ನ್ಯೂಟನ್ ಬಂದಿತೆನ್ನಿ. ವ್ಯತ್ಯಾಸ 0.50 ನ್ಯೂಟನ್. ಇದು ಕಲ್ಲಿನಷ್ಟೇ ಗಾತ್ರದ ನೀರಿನ ತೂಕ. ಸಾಪೇಕ್ಷ ಸಾಂದ್ರತೆ ಎಂದರೆ ಕಲ್ಲಿನ ತೂಕವನ್ನು ಅದೇ ಗಾತ್ರದ ನೀರಿನ ತೂಕದಿಂದ ಭಾಗಿಸುವುದು: 1.35 ÷ 0.50 = 2.7. ಅಳತೆಯ ಸಿಲಿಂಡರ್ ಬೇಕಾಗಲಿಲ್ಲ, ಗಾತ್ರ ಅಳೆಯಬೇಕಾಗಲಿಲ್ಲ.

ಅದೇ ಕಲ್ಲನ್ನು ಒಂದು ಅಪರಿಚಿತ ದ್ರವದಲ್ಲಿ ಮುಳುಗಿಸಿದಾಗ 0.95 ಬಂದರೆ ವ್ಯತ್ಯಾಸ 0.40. ನೀರಿನಲ್ಲಿ ಬಂದ 0.50ರಿಂದ ಭಾಗಿಸಿ: ದ್ರವದ ಸಾಪೇಕ್ಷ ಸಾಂದ್ರತೆ 0.8. ಕಲ್ಲಿನ ಸಾಂದ್ರತೆಯೇ ಗೊತ್ತಿಲ್ಲದಿದ್ದರೂ ಈ ಉತ್ತರ ಸಿಗುತ್ತದೆ.

ನಮ್ಮ ಅಳತೆಯಲ್ಲಿ ಉತ್ತರ ಸರಿ ಬರುತ್ತಿಲ್ಲ. ಎಲ್ಲಿ ತಪ್ಪುತ್ತಿರಬಹುದು?

ಮೊದಲು ಕಲ್ಲಿನ ಗಾತ್ರ ನೋಡಿ. ತಕ್ಕಡಿಯ ಅತಿ ಸಣ್ಣ ಗೆರೆ 0.1 ನ್ಯೂಟನ್ ಆಗಿದ್ದು, ಕಲ್ಲು ಸಣ್ಣದಾಗಿ ತೂಕದ ವ್ಯತ್ಯಾಸ ಬರೀ 0.2 ನ್ಯೂಟನ್ ಬಂದರೆ, ಒಂದೇ ಒಂದು ಗೆರೆ ಆಚೀಚೆ ಓದಿದರೂ ಉತ್ತರ ಅರ್ಧದಷ್ಟು ತಪ್ಪಬಹುದು. ವ್ಯತ್ಯಾಸ 1 ನ್ಯೂಟನ್ನಿಗೆ ಕಡಿಮೆಯಾಗದಂಥ ದೊಡ್ಡ ಕಲ್ಲು ಆರಿಸಿಕೊಳ್ಳಿ, ಇಲ್ಲವೇ ಗೆರೆಗಳು ಇನ್ನೂ ಸೂಕ್ಷ್ಮವಾಗಿರುವ ತಕ್ಕಡಿ ಬಳಸಿ.

ಎರಡನೆಯದು ಸೊನ್ನೆ ದೋಷ. ಏನೂ ತೂಗುಹಾಕದೆ ಮುಳ್ಳು 0.1 ತೋರಿಸುತ್ತಿದೆ ಎನ್ನಿ. ಗಾಳಿಯ ಅಳತೆಯಿಂದ ನೀರಿನ ಅಳತೆ ಕಳೆದಾಗ ಈ ದೋಷ ತಾನಾಗಿ ಹೊರಟುಹೋಗುತ್ತದೆ, ಆದ್ದರಿಂದ ಪ್ಲವನ ಬಲ ಸರಿಯಾಗಿಯೇ ಬರುತ್ತದೆ. ಸಾಂದ್ರತೆ ಮಾತ್ರ ತಪ್ಪುತ್ತದೆ, ಏಕೆಂದರೆ ಅದರ ಅಂಶದಲ್ಲಿ ಗಾಳಿಯ ತೂಕ ಹಾಗೇ ಇದೆ. ಪ್ಲವನ ಬಲ ಸರಿ, ಸಾಂದ್ರತೆ ತಪ್ಪು ಎಂದು ಬಂದರೆ ಮೊದಲು ಇದನ್ನೇ ಅನುಮಾನಿಸಿ.

ಮೂರನೆಯದು ಗಾಳಿಗುಳ್ಳೆ. ಕಲ್ಲಿಗೆ ಅಂಟಿದ ಗುಳ್ಳೆಗಳು ನೀರನ್ನು ಇನ್ನಷ್ಟು ಸರಿಸುವುದರಿಂದ ಮುಳ್ಳು ಇರಬೇಕಾದ್ದಕ್ಕಿಂತ ಕೆಳಗೆ ನಿಲ್ಲುತ್ತದೆ. ಕಲ್ಲನ್ನು ನೀರೊಳಗೆ ಮೆಲ್ಲಗೆ ಅಲುಗಾಡಿಸಿದರೆ ಅವು ಬಿಟ್ಟುಹೋಗುತ್ತವೆ. ಇಟ್ಟಿಗೆಯಂಥ ರಂಧ್ರಗಳಿರುವ ವಸ್ತುವಾದರೆ ಗುಳ್ಳೆಗಳು ಏಳುತ್ತಲೇ ಇರುತ್ತವೆ, ಮುಳ್ಳು ನಿಧಾನವಾಗಿ ಏರುತ್ತಲೇ ಇರುತ್ತದೆ. ಅಳತೆ ಒಂದೆಡೆ ನಿಲ್ಲುತ್ತಿಲ್ಲವೆಂದರೆ ವಸ್ತು ನೀರು ಕುಡಿಯುತ್ತಿದೆ ಎಂದರ್ಥ. ಅಂಥದ್ದನ್ನು ಈ ಪ್ರಯೋಗಕ್ಕೆ ಆರಿಸಬಾರದು.

ಸ್ಥಾನಪಲ್ಲಟಗೊಂಡ ನೀರನ್ನು ಹಿಡಿಯಲು ಮೂತಿ ಇರುವ ಪಾತ್ರೆ ಬಳಸುವವರು ಮೂತಿಯವರೆಗೆ ನೀರು ತುಂಬಿ, ಕೊನೆಯ ಹನಿ ಬಿದ್ದು ನಿಲ್ಲುವವರೆಗೆ ಕಾಯಬೇಕು. ಕಾಯದೆ ಶುರು ಮಾಡಿದರೆ ವಸ್ತು ಹೊರದಬ್ಬದ ನೀರೂ ಲೆಕ್ಕಕ್ಕೆ ಸೇರಿಬಿಡುತ್ತದೆ.

ತೇಲುತ್ತಿರುವ ವಸ್ತುವಿನ ಮೇಲಿನ ಪ್ಲವನ ಬಲ ಎಷ್ಟು?

ಅದರ ತೂಕದಷ್ಟೇ, ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ. ಸುಮ್ಮನೆ ತೇಲುತ್ತಿದೆ ಎಂದರೆ ಬಲಗಳು ಸಮತೋಲನದಲ್ಲಿವೆ. ತೇಲುವ ವಸ್ತುವಿನ ಮೇಲೆ ಪ್ಲವನ ಬಲ ತೂಕಕ್ಕಿಂತ ಹೆಚ್ಚು ಎಂದು ಬರೆಯುವುದು ಬಹಳ ಸಾಮಾನ್ಯವಾದ ತಪ್ಪು. ಹೆಚ್ಚಿದ್ದರೆ ವಸ್ತು ನೀರಿನಿಂದ ಮೇಲೇಳುತ್ತಲೇ ಹೋಗಬೇಕಿತ್ತು.

500 ಘನ ಸೆಂಟಿಮೀಟರ್ ಗಾತ್ರ, 300 ಗ್ರಾಂ ರಾಶಿಯ ಮರದ ತುಂಡನ್ನು ತೆಗೆದುಕೊಳ್ಳಿ. ತೂಕ 3 ನ್ಯೂಟನ್. ತೇಲಲು 3 ನ್ಯೂಟನ್ ಪ್ಲವನ ಬಲ ಬೇಕು, ಅದಕ್ಕೆ 300 ಘನ ಸೆಂಟಿಮೀಟರ್ ನೀರು ಜಾಗ ಬಿಡಬೇಕು. ಆದ್ದರಿಂದ 300 ಘನ ಸೆಂಟಿಮೀಟರ್ ನೀರೊಳಗೆ, 200 ಹೊರಗೆ. ಇಲ್ಲಿ ಸೂತ್ರಕ್ಕೆ ಪೂರ್ತಿ 500 ಹಾಕಿ 5 ನ್ಯೂಟನ್ ಎಂದು ಬರೆಯುವವರಿದ್ದಾರೆ. ಮುಳುಗಿದ ಭಾಗ ಮಾತ್ರ ನೀರನ್ನು ಸರಿಸುತ್ತದೆ.

ಬೆರಳಿನಿಂದ ಆ ತುಂಡನ್ನು ಪೂರ್ತಿ ಮುಳುಗಿಸಿ ಹಿಡಿದರೆ ಆಗ ಪ್ಲವನ ಬಲ 5 ನ್ಯೂಟನ್ ಆಗುತ್ತದೆ. ತೂಕ 3, ಉಳಿದ 2 ನ್ಯೂಟನ್ನನ್ನು ನಿಮ್ಮ ಬೆರಳು ಕೆಳಕ್ಕೆ ಕೊಡಬೇಕು. ಬೆರಳು ತೆಗೆದ ಕೂಡಲೇ ಆ 2 ನ್ಯೂಟನ್ನಿನ ಅಸಮತೋಲನವೇ ತುಂಡನ್ನು ಮೇಲಕ್ಕೆ ಚಿಮ್ಮಿಸುತ್ತದೆ. "ನೀರೊಳಗೆ ಬಿಟ್ಟ ಪ್ಲಾಸ್ಟಿಕ್ ತುಂಡು ಮೇಲೆ ಬರುವುದೇಕೆ?" ಎಂಬ ಪ್ರಶ್ನೆಗೆ ಬರೆಯಬೇಕಾದ ಕಾರಣ ಇದೇ.

ಎಷ್ಟು ಭಾಗ ಮುಳುಗುತ್ತದೆ ಎಂಬುದಕ್ಕೆ ಸುಲಭ ದಾರಿ ಇದೆಯೇ?

ಇದೆ. ಒಟ್ಟು ಗಾತ್ರದಲ್ಲಿ ಮುಳುಗಿದ ಪಾಲು = ವಸ್ತುವಿನ ಸಾಂದ್ರತೆ ÷ ದ್ರವದ ಸಾಂದ್ರತೆ. ಮೇಲಿನ ಮರಕ್ಕೆ 0.6 ÷ 1 = 0.6. ಸಾಂದ್ರತೆ 1.2 ಇರುವ ಉಪ್ಪುನೀರಿನಲ್ಲಿ 0.6 ÷ 1.2 = 0.5, ಅಂದರೆ ಅರ್ಧ ಮಾತ್ರ. ಹೆಚ್ಚು ಸಾಂದ್ರತೆಯ ದ್ರವದಲ್ಲಿ ವಸ್ತು ಮೇಲೆದ್ದು ತೇಲುತ್ತದೆ, ಆದರೆ ಪ್ಲವನ ಬಲ ಎರಡರಲ್ಲೂ ಅದೇ 3 ನ್ಯೂಟನ್. ಪಾದರಸದ ಸಾಂದ್ರತೆ 13.6, ಕಬ್ಬಿಣದ್ದು 7.8. ಹಾಗಾಗಿ ಪಾದರಸದಲ್ಲಿ ಕಬ್ಬಿಣವೂ ತೇಲುತ್ತದೆ, ಅದರ ಅರ್ಧಕ್ಕಿಂತ ತುಸು ಹೆಚ್ಚು ಒಳಗಿರುತ್ತದೆ.

ಈ ಸೂತ್ರದಲ್ಲಿ ಗುರುತ್ವ ವೇಗೋತ್ಕರ್ಷ ಇಲ್ಲ. ಅದು ತೂಕದಲ್ಲೂ ಇದೆ, ಪ್ಲವನ ಬಲದಲ್ಲೂ ಇದೆ, ಹಾಗಾಗಿ ರದ್ದಾಗುತ್ತದೆ. ಗುರುತ್ವ ಕಡಿಮೆ ಇರುವ ಚಂದ್ರನ ಮೇಲೆ ನೀರಿನ ತೊಟ್ಟಿಯೊಂದನ್ನು ಇಟ್ಟರೂ ಮರದ ತುಂಡು ಅಷ್ಟೇ ಮುಳುಗಿ ತೇಲುತ್ತದೆ.

ಮೊಹರು ಮಾಡಿದ ಡಬ್ಬಿಯ ಲೆಕ್ಕವನ್ನು ಹೇಗೆ ಬಿಡಿಸಬೇಕು?

ರಾಶಿ 500 ಗ್ರಾಂ, ಹೊರಗಾತ್ರ 800 ಘನ ಸೆಂಟಿಮೀಟರ್ ಇರುವ ಮುಚ್ಚಿದ ಡಬ್ಬಿ ನೀರಿನಲ್ಲಿ ತೇಲುತ್ತದೆಯೇ? ಸಾಂದ್ರತೆ 500 ÷ 800 = 0.625. ಇದು 1ಕ್ಕಿಂತ ಕಡಿಮೆ, ತೇಲುತ್ತದೆ. ಅದು ಸ್ಥಾನಪಲ್ಲಟಗೊಳಿಸುವ ನೀರು 500 ಗ್ರಾಂ.

ಈಗ ಡಬ್ಬಿ ತೆರೆದು ಒಳಗೆ 400 ಗ್ರಾಂ ಮರಳು ಹಾಕಿ ಮತ್ತೆ ಮುಚ್ಚಿದೆವು ಎನ್ನಿ. ಒಟ್ಟು ರಾಶಿ 900 ಗ್ರಾಂ, ಹೊರಗಾತ್ರ ಅದೇ 800. ಸಾಂದ್ರತೆ 1.125, ಮುಳುಗುತ್ತದೆ. ಈಗ ಸ್ಥಾನಪಲ್ಲಟಗೊಂಡ ನೀರಿನ ರಾಶಿ ಎಷ್ಟು? ಬಹಳ ಮಂದಿ 900 ಎನ್ನುತ್ತಾರೆ. ಡಬ್ಬಿಯ ಗಾತ್ರವೇ 800 ಆಗಿರುವಾಗ 900 ಘನ ಸೆಂಟಿಮೀಟರ್ ನೀರನ್ನು ಅದು ಸರಿಸುವುದಾದರೂ ಹೇಗೆ? ಉತ್ತರ 800 ಗ್ರಾಂ. ತೇಲಿದರೆ ವಸ್ತುವಿನ ರಾಶಿಯಷ್ಟು ನೀರು, ಮುಳುಗಿದರೆ ವಸ್ತುವಿನ ಗಾತ್ರದಷ್ಟು ನೀರು.

ಸರಿಯಾಗಿ 300 ಗ್ರಾಂ ಮರಳು ಹಾಕಿದರೆ ಒಟ್ಟು 800 ಗ್ರಾಂ ಆಗಿ ಎರಡೂ ಸಮವಾಗುತ್ತವೆ. ಆಗ ಡಬ್ಬಿ ಪೂರ್ತಿ ಮುಳುಗಿಯೂ ತಳ ಸೇರದೆ, ಬಿಟ್ಟ ಆಳದಲ್ಲೇ ನಿಲ್ಲಬಲ್ಲದು. ಲೆಕ್ಕದಲ್ಲಿ ಇದು ಸುಲಭ, ಕೈಯಲ್ಲಿ ಮಾಡುವುದು ಕಷ್ಟ. ಒಂದೆರಡು ಗ್ರಾಂ ಹೆಚ್ಚುಕಡಿಮೆಯಾದರೂ ಡಬ್ಬಿ ನಿಧಾನವಾಗಿ ಏರುತ್ತದೆ ಇಲ್ಲವೇ ಇಳಿಯುತ್ತದೆ. ಜಲಾಂತರ್ಗಾಮಿಗಳು ತಮ್ಮ ತೊಟ್ಟಿಗಳಿಗೆ ನೀರು ತುಂಬಿಸಿ, ಹೊರಹಾಕಿ ತೂಕವನ್ನು ಸರಿಹೊಂದಿಸುತ್ತಿರುವುದು ಇದಕ್ಕೇ.

ಕಬ್ಬಿಣ ಮುಳುಗುವುದಾದರೆ ಕಬ್ಬಿಣದ ಹಡಗು ಹೇಗೆ ತೇಲುತ್ತದೆ?

ನಮ್ಮ 780 ಗ್ರಾಂ ಕಬ್ಬಿಣದ ತುಂಡನ್ನೇ ತಟ್ಟಿ, ಅಂಚಿನವರೆಗೆ 1500 ಘನ ಸೆಂಟಿಮೀಟರ್ ಹೊರಗಾತ್ರ ಬರುವ ಬಟ್ಟಲು ಮಾಡಿದೆವು ಎನ್ನಿ. ಕಬ್ಬಿಣ ಈಗಲೂ 100 ಘನ ಸೆಂಟಿಮೀಟರೇ, ಅದರ ಸಾಂದ್ರತೆ ಈಗಲೂ 7.8. ಆದರೆ ನೀರನ್ನು ಸರಿಸುವುದು ಬಟ್ಟಲಿನ ಹೊರಮೈ, ಒಳಗಿನ ಗಾಳಿಯ ಜಾಗವೂ ಅದರಲ್ಲಿ ಸೇರಿದೆ. 780 ಘನ ಸೆಂಟಿಮೀಟರ್ ಮುಳುಗುವಷ್ಟರಲ್ಲಿ ಪ್ಲವನ ಬಲ 7.8 ನ್ಯೂಟನ್ ತಲುಪಿ ಬಟ್ಟಲು ನಿಲ್ಲುತ್ತದೆ. ಇನ್ನೂ 720 ಗ್ರಾಂ ಸರಕು ಹಾಕುವವರೆಗೂ ಅದು ತಡೆಯುತ್ತದೆ. ಬಟ್ಟಲು ಓರೆಯಾಗಿ ಒಳಗೆ ನೀರು ತುಂಬಿದರೆ ಗಾಳಿಯ ಜಾಗ ಹೋಯಿತು, ಸರಿಸುವ ಗಾತ್ರ ಮತ್ತೆ 100ಕ್ಕೆ ಇಳಿಯಿತು, ಅದು ಮುಳುಗುತ್ತದೆ.

"ಹಡಗಿನ ಒಳಗೆ ಗಾಳಿ ಇರುವುದರಿಂದ ತೇಲುತ್ತದೆ" ಎಂದಷ್ಟೇ ಬರೆದರೆ ಅರ್ಧ ಉತ್ತರ. ಗಾಳಿ ಹಡಗನ್ನು ಎತ್ತುವುದಿಲ್ಲ. ಹೆಚ್ಚು ತೂಕ ಸೇರದೆ ಹೊರಗಾತ್ರ ದೊಡ್ಡದಾಗಲು ಅದು ಅವಕಾಶ ಕೊಡುತ್ತದೆ, ಎತ್ತುವುದು ನೀರೇ.

ಏಕಮಾನಗಳನ್ನು ಬದಲಾಯಿಸುವಾಗ ನೆನಪಿಡಬೇಕಾದದ್ದು?

ಘನ ಸೆಂಟಿಮೀಟರಿಗೆ 1 ಗ್ರಾಂ ಎಂದರೆ ಘನ ಮೀಟರಿಗೆ 1000 ಕಿಲೋಗ್ರಾಂ. ಒಂದು ಘನ ಮೀಟರಿನಲ್ಲಿ ಹತ್ತು ಲಕ್ಷ ಘನ ಸೆಂಟಿಮೀಟರುಗಳಿವೆ, ನೂರಲ್ಲ. ತೇಲುತ್ತದೆಯೋ ಮುಳುಗುತ್ತದೆಯೋ ಎಂದಷ್ಟೇ ಕೇಳಿದ್ದರೆ ಗ್ರಾಂ ಮತ್ತು ಘನ ಸೆಂಟಿಮೀಟರಿನಲ್ಲೇ ಮುಗಿಸಿ. ಬಲವನ್ನು ನ್ಯೂಟನ್ನಿನಲ್ಲಿ ಕೇಳಿದಾಗ ಮಾತ್ರ ಕಿಲೋಗ್ರಾಂಗೆ ಬದಲಾಯಿಸಿದರೆ ಸಾಕು.

ಲೋಟದಲ್ಲಿ ತೇಲುತ್ತಿರುವ ಮಂಜುಗಡ್ಡೆ ಕರಗಿದರೆ ನೀರಿನ ಮಟ್ಟ ಏರುತ್ತದೆಯೇ?

ಏರುವುದಿಲ್ಲ. ಮಂಜುಗಡ್ಡೆಯ ಸಾಂದ್ರತೆ ಸುಮಾರು 0.92. 100 ಘನ ಸೆಂಟಿಮೀಟರ್ ಗಡ್ಡೆಯ ರಾಶಿ 92 ಗ್ರಾಂ. ತೇಲುವಾಗ ಅದು ಸರಿಸುವ ನೀರು 92 ಘನ ಸೆಂಟಿಮೀಟರ್. ಕರಗಿದ ಮೇಲೆ ಅದು ಆಗುವ ನೀರೂ 92 ಘನ ಸೆಂಟಿಮೀಟರ್. ಕಾಯ್ದಿಟ್ಟ ಜಾಗದಲ್ಲಿ ತಾನೇ ತುಂಬಿಕೊಳ್ಳುತ್ತದೆ.

ಲೋಟದಲ್ಲಿ ಸಾಂದ್ರತೆ 1.2 ಇರುವ ಉಪ್ಪುನೀರಿದ್ದರೆ ಹಾಗಲ್ಲ. ಆಗ ಗಡ್ಡೆ ಸುಮಾರು 77 ಘನ ಸೆಂಟಿಮೀಟರ್ ಮಾತ್ರ ಸರಿಸುತ್ತದೆ, ಕರಗಿದರೆ 92 ಆಗುತ್ತದೆ. ಮಟ್ಟ ಏರುತ್ತದೆ. ಹಾಗೆಯೇ ಸಿಹಿನೀರಿನಲ್ಲಿ ತೇಲುವ ಗಡ್ಡೆಯೊಳಗೆ ಒಂದು ಕಬ್ಬಿಣದ ಗುಂಡು ಹುದುಗಿದ್ದರೆ ಕರಗಿದ ಮೇಲೆ ಮಟ್ಟ ಇಳಿಯುತ್ತದೆ. ಯಾಕೆ ಎಂಬುದಕ್ಕೆ ಕೊನೆಯ ಪ್ರಶ್ನೆ ಉತ್ತರ ಕೊಡುತ್ತದೆ.

ತೊಟ್ಟಿಯಲ್ಲಿ ತೇಲುವ ದೋಣಿಯಿಂದ ಕಲ್ಲೊಂದನ್ನು ತೆಗೆದು ನೀರಿಗೆ ಹಾಕಿದರೆ ಮಟ್ಟ ಏನಾಗುತ್ತದೆ?

ಇಳಿಯುತ್ತದೆ. ನೀರಿಗೆ ಕಲ್ಲು ಬಿದ್ದಮೇಲೆ ಮಟ್ಟ ಏರಬೇಕಲ್ಲವೇ ಎಂದು ಮನಸ್ಸು ಹಟ ಹಿಡಿಯುತ್ತದೆ, ಆದ್ದರಿಂದ ಸಂಖ್ಯೆ ಹಾಕಿಯೇ ನೋಡಬೇಕು. ಕಲ್ಲಿನ ರಾಶಿ 2.7 ಕಿಲೋಗ್ರಾಂ, ಗಾತ್ರ 1 ಲೀಟರ್ ಇರಲಿ. ತೊಟ್ಟಿಯ ತಳ 50 ಸೆಂಟಿಮೀಟರ್ ಉದ್ದ, 40 ಸೆಂಟಿಮೀಟರ್ ಅಗಲ, ದೋಣಿ ಅದರಲ್ಲಿ ಹಿಡಿಯುವಷ್ಟು ಚಿಕ್ಕದು.

ಕಲ್ಲು ದೋಣಿಯಲ್ಲಿರುವಾಗ ಅದರ ತೂಕವನ್ನು ಹೊರಲು ದೋಣಿ 2.7 ಲೀಟರ್ ನೀರನ್ನು ಹೆಚ್ಚುವರಿಯಾಗಿ ಸರಿಸಿರುತ್ತದೆ. ಕಲ್ಲು ನೀರಿಗೆ ಬಿದ್ದು ತಳ ಸೇರಿದ ಮೇಲೆ ತನ್ನ ಗಾತ್ರದಷ್ಟು, ಅಂದರೆ 1 ಲೀಟರ್ ಮಾತ್ರ ಸರಿಸುತ್ತದೆ. ದೋಣಿ ಹಗುರಾಗಿ ಮೇಲೇಳುತ್ತದೆ. ಒಟ್ಟಿನಲ್ಲಿ ಸರಿದಿದ್ದ ನೀರಿನಲ್ಲಿ 1.7 ಲೀಟರ್ ಕಡಿಮೆಯಾಯಿತು. ತಳದ ವಿಸ್ತೀರ್ಣ 2000 ಚದರ ಸೆಂಟಿಮೀಟರ್. 1700 ÷ 2000 = 0.85. ನೀರಿನ ಮಟ್ಟ 0.85 ಸೆಂಟಿಮೀಟರ್ ಇಳಿಯುತ್ತದೆ, ಅಳತೆಪಟ್ಟಿಯಲ್ಲಿ ಸಲೀಸಾಗಿ ಕಾಣುವಷ್ಟು.

ಕಲ್ಲಿನ ಬದಲು ದೋಣಿಯಲ್ಲಿದ್ದದ್ದು ಮರದ ತುಂಡಾಗಿದ್ದು, ಅದನ್ನು ನೀರಿಗೆ ಹಾಕಿದರೆ ಮಟ್ಟ ಇದ್ದಲ್ಲೇ ಇರುತ್ತದೆ. ಮರ ದೋಣಿಯಲ್ಲಿದ್ದರೂ ತೇಲುತ್ತಿದ್ದರೂ ತನ್ನ ತೂಕದಷ್ಟೇ ನೀರನ್ನು ಸರಿಸುತ್ತದೆ.